ಸೆಲ್ಟಾನಾ, ಡೆಲ್ಟಾನಾ?

ಇಂಗ್ಲಿಷ್ ಕಲಿಸೋಕೆ ವಿದೇಶಕ್ಕೆ ಹೋಗ್ಬೇಕಾ? ‘120 ಗಂಟೆ ಟೆಫೆಲ್’ ಅನ್ನೋ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟೋ ಮೊದಲು ಒಂದು ಪ್ರಶ್ನೆ ಕೇಳಿ: ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಿಸ್ತೀರಾ?

ಕೇಂಬ್ರಿಡ್ಜ್‌ನ ಸೆಲ್ಟಾ ಕೂಡ ಸುಮಾರು 120 ಗಂಟೆಯದ್ದೇ. ಆದರೆ ಅದರಲ್ಲಿ 6 ಗಂಟೆ ನೀವೇ ಪಾಠ ಮಾಡಬೇಕು. ತರಬೇತುದಾರರು ಕೂತು ನೋಡಿ, ಎಲ್ಲಿ ಸರಿಹೋಯ್ತು, ಎಲ್ಲಿ ಎಡವಿದ್ರಿ ಅಂತ ಹೇಳ್ತಾರೆ. ಬ್ರಿಟಿಷ್ ಕೌನ್ಸಿಲ್‌ನಂಥ ಸಂಸ್ಥೆಗಳು ಕೇಳೋದು ಇದನ್ನ, ಇಲ್ಲಾ ಟ್ರಿನಿಟಿಯ ಸರ್ಟ್‌ಟೆಸಾಲ್ ಅನ್ನ. ಪಾಠವನ್ನೇ ಮಾಡಿಸದ ಸರ್ಟಿಫಿಕೇಟು ಆನ್‌ಲೈನ್ ಟ್ಯೂಷನ್‌ಗೆ ಸಾಕಾಗಬಹುದು, ಅಲ್ಲಿ ಸಾಕಾಗಲ್ಲ.

ಡೆಲ್ಟಾ ಹೊಸಬರಿಗಲ್ಲ, ಈಗಾಗಲೇ ಕಲಿಸ್ತಿರೋ ಶಿಕ್ಷಕರಿಗೆ. ಅದರಲ್ಲಿ 3 ಭಾಗ: ಲಿಖಿತ ಪರೀಕ್ಷೆ, ತರಗತಿಯಲ್ಲಿ ಪಾಠದ ಮೌಲ್ಯಮಾಪನ, ಒಂದು ದೀರ್ಘ ಪ್ರಬಂಧ. ಇಂಗ್ಲೆಂಡ್‌ನ ಅರ್ಹತಾ ಚೌಕಟ್ಟಿನಲ್ಲಿ ಸೆಲ್ಟಾ 5ನೇ ಹಂತ, ಡೆಲ್ಟಾ 7ನೇ ಹಂತ, ಅಂದರೆ ಸ್ನಾತಕೋತ್ತರ ಮಟ್ಟ. ಹಿರಿಯ ಶಿಕ್ಷಕರು, ಶಿಕ್ಷಕರ ತರಬೇತುದಾರರು, ಭಾಷಾ ಶಾಲೆಯ ಶೈಕ್ಷಣಿಕ ಮುಖ್ಯಸ್ಥರು ಆಗೋಕೆ ಹೆಚ್ಚಾಗಿ ಡೆಲ್ಟಾದಂಥ ಅರ್ಹತೆ ಬೇಕಾಗುತ್ತೆ.

ಹಾಗಾಗಿ ಈಗಷ್ಟೇ ಬಿ.ಎ. ಮುಗಿಸಿ ಹೊರಟವರು ಮೊದಲು ಸೆಲ್ಟಾ ಮಾಡಿ, ಕೆಲವು ವರ್ಷ ಕಲಿಸಿ, ಆಮೇಲೆ ಡೆಲ್ಟಾಗೆ ಹೋಗಿ. ಕರ್ನಾಟಕದ ಸರ್ಕಾರಿ ಹೈಸ್ಕೂಲಿನಲ್ಲಿ ಮೇಷ್ಟ್ರಾಗಬೇಕಾ? ಅಲ್ಲಿ ಬಿ.ಎಡ್. ಬೇಕು, ಈ ಎರಡೂ ಅದರ ಬದಲಿಗೆ ನಡೆಯಲ್ಲ.