ಗೊತ್ತಿಲ್ಲದವರು ಆಡಿದಾಗ ಗೊತ್ತಾಗುವುದು

ಮಾಲೂರಿನ ಶಿಕ್ಷಕಿಯೊಬ್ಬರು ಅಂತರ್ಜಲದ ಬಗ್ಗೆ ಒಂದು ಆಟ ಕಟ್ಟಿದ್ದಾರೆ. ಅವರ ತರಗತಿಯ ಮಕ್ಕಳು ಅದನ್ನು ಸಲೀಸಾಗಿ ಆಡುತ್ತಾರೆ. ಅದೇ ಆಟವನ್ನು ಮುಳಬಾಗಿಲಿನ ನೆಂಟರ ಮನೆಗೆ ಕಳಿಸಿಕೊಟ್ಟರೆ ಅಲ್ಲಿ ಯಾರಿಗೂ ತಲೆಬುಡ ತಿಳಿಯಲಿಲ್ಲವಂತೆ. "ನಿಯಮಗಳನ್ನೆಲ್ಲ ಹಾಳೆಯಲ್ಲಿ ಬಿಡಿಸಿ ಬರೆದಿದ್ದೇನೆ. ಆದರೂ ಯಾಕೆ ಹೀಗಾಯಿತು?" ಎಂದು ಕೇಳಿದ್ದಾರೆ. ಆ ಆಟವನ್ನು ಹೊಸಬರ ಕೈಗೆ ಕೊಟ್ಟಾಗ ನಾನೂ ಪಕ್ಕದಲ್ಲಿ ಕೂತು ನೋಡಿದೆ. ಅವರ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು.

ಮೊದಲು ಆಟ ಏನೆಂದು ಹೇಳಿಬಿಡುತ್ತೇನೆ. ಐದು ಜನ ರೈತರು, ಹತ್ತು ವರ್ಷ. ನಡುವೆ ಒಂದು ಡಬ್ಬಿಯಲ್ಲಿ 50 ಹುಣಸೆಬೀಜ. ಅದೇ ಊರಿನ ಅಂತರ್ಜಲ. ಪ್ರತಿ ವರ್ಷ ಒಬ್ಬೊಬ್ಬರೂ ರಾಗಿ ಅಥವಾ ಟೊಮೇಟೊ ಚೀಟಿ ಆರಿಸಿ, ಎಲ್ಲರೂ ಒಟ್ಟಿಗೆ ತೋರಿಸಬೇಕು. ರಾಗಿಗೆ ಒಂದು ಬೀಜ ನೀರು, 2 ನಾಣ್ಯ ಆದಾಯ. ಟೊಮೇಟೊಗೆ ಮೂರು ಬೀಜ ನೀರು, 5 ನಾಣ್ಯ ಆದಾಯ. ವರ್ಷದ ಕೊನೆಗೆ ಮಳೆ ಬಂದು ಡಬ್ಬಿಗೆ ಐದು ಬೀಜ ಸೇರುತ್ತದೆ. ಎಲ್ಲರೂ ರಾಗಿ ಬೆಳೆದರೆ ಹೋದದ್ದೂ ಬಂದದ್ದೂ ಸಮ. ಎಲ್ಲರೂ ಟೊಮೇಟೊಗೆ ಹೋದರೆ ವರ್ಷಕ್ಕೆ ಹತ್ತು ಬೀಜ ಕಡಿಮೆಯಾಗುತ್ತ ಹೋಗುತ್ತದೆ. ಸಾವಿರ ಅಡಿ ದಾಟಿದರೂ ನೀರು ಸಿಗದ ಕೊಳವೆಬಾವಿಗಳ ಕೋಲಾರ ಜಿಲ್ಲೆಯಲ್ಲಿ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಇಂಥ ಆಟಕ್ಕೆ ನಮ್ಮ ನೆರೆಯಲ್ಲೇ ಒಂದು ಹಿರಿಯ ಮಾದರಿ ಇದೆ. ಅಂತರರಾಷ್ಟ್ರೀಯ ಆಹಾರ ನೀತಿ ಸಂಶೋಧನಾ ಸಂಸ್ಥೆಯ ರೂತ್ ಮೈನ್ಜನ್-ಡಿಕ್, ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮಾರ್ಕೊ ಯಾನ್ಸೆನ್ ಮತ್ತು ಅವರ ಸಂಗಾತಿಗಳು, ಫೌಂಡೇಶನ್ ಫಾರ್ ಇಕಲಾಜಿಕಲ್ ಸೆಕ್ಯುರಿಟಿ ಎಂಬ ಸಂಸ್ಥೆಯ ಜೊತೆಗೂಡಿ ಆಂಧ್ರಪ್ರದೇಶದ ಹಳ್ಳಿಗಳಲ್ಲಿ ಬೆಳೆ ಆಯ್ಕೆಯ ಆಟ ಆಡಿಸಿದರು. ಮೊದಮೊದಲ ಸುತ್ತುಗಳಲ್ಲಿ ಆಟಗಾರರು ಪರಸ್ಪರ ಮಾತಾಡುವಂತಿಲ್ಲ. ಆಮೇಲಿನ ಸುತ್ತುಗಳಲ್ಲಿ ಮಾತಾಡಿಕೊಂಡು ನಿರ್ಧರಿಸಬಹುದು. ಅದರ ಫಲಿತಾಂಶಗಳು 2016 ಮತ್ತು 2018ರಲ್ಲಿ ಪ್ರಕಟವಾದವು. ಅಲ್ಲಿ ಆಟ ನಡೆಸಲು ತರಬೇತಾದವರು ಇರುತ್ತಿದ್ದರು. ಶಿಕ್ಷಕಿಯ ಆಟಕ್ಕೆ ಆ ಅನುಕೂಲ ಇಲ್ಲ. ಡಬ್ಬಿ ಬಿಚ್ಚಿದವರು ತಾವೇ ಓದಿಕೊಂಡು ಆಡಬೇಕು.

ಹಾಗಾದರೆ ಅವರ ಮಕ್ಕಳಿಗೆ ಅರ್ಥವಾದದ್ದು ಹೇಗೆ? ಮಕ್ಕಳು ಓದಿದ್ದು ಹಾಳೆಯನ್ನಲ್ಲ, ಟೀಚರನ್ನು. ಯಾರಾದರೂ ತಪ್ಪು ಬೀಜ ಎತ್ತಿದರೆ ಅವರ ಹುಬ್ಬು ಏರುತ್ತದೆ, ಮಗು ಕೈ ಹಿಂದೆಗೆಯುತ್ತದೆ. ಕಟ್ಟಿದವರಿಗೆ ತಮ್ಮ ಆಟದ ಲೋಪ ಕಾಣದಿರುವುದಕ್ಕೂ ಇದೇ ಕಾರಣ. ಗೊತ್ತಿರುವವರ ಮತ್ತು ಗೊತ್ತಿಲ್ಲದವರ ನಡುವಿನ ಅಂತರವನ್ನು ಸೊಗಸಾಗಿ ಅಳೆದು ತೋರಿಸಿದವರು ಎಲಿಜಬೆತ್ ನ್ಯೂಟನ್. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಪ್ರಯೋಗ ನನಗೆ ಬಹಳ ಇಷ್ಟ. ಒಬ್ಬರು ಎಲ್ಲರಿಗೂ ಗೊತ್ತಿರುವ ಒಂದು ಹಾಡನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಎದುರಿಗಿದ್ದವರು ಹಾಡು ಯಾವುದೆಂದು ಹೇಳಬೇಕು. ನೂರರಲ್ಲಿ ಐವತ್ತು ಸಲವಾದರೂ ಗುರುತಿಸುತ್ತಾರೆ ಎಂದು ತಟ್ಟಿದವರು ಅಂದಾಜು ಮಾಡಿದರು. 120 ಹಾಡು ತಟ್ಟಿದ್ದರಲ್ಲಿ ಕೇಳಿದವರು ಸರಿಯಾಗಿ ಹೇಳಿದ್ದು ಮೂರನ್ನು ಮಾತ್ರ.

ತಟ್ಟುವವರ ಕಿವಿಯೊಳಗೆ ಸಾಹಿತ್ಯ, ಪಕ್ಕವಾದ್ಯ, ಗಾಯಕಿಯ ಕಂಠ ಎಲ್ಲವೂ ಕೇಳುತ್ತಿರುತ್ತದೆ. ಎದುರಿಗಿದ್ದವರಿಗೆ ಕೇಳುವುದು ಟಕ್ ಟಕ್ ಅಷ್ಟೆ. ತಟ್ಟುವವರು ಬುದ್ಧಿವಂತರಾದ ಮಾತ್ರಕ್ಕೆ ಈ ಅಂತರ ಕಡಿಮೆಯಾಗುವುದಿಲ್ಲ, ಏಕೆಂದರೆ ಗೊತ್ತಿರುವುದನ್ನು ಬೇಕೆಂದಾಗ ಮರೆಯಲು ಯಾರಿಗೂ ಆಗುವುದಿಲ್ಲ. ಆದ್ದರಿಂದ ಹಾಳೆಯನ್ನು ಮತ್ತೆ ಮತ್ತೆ ತಿದ್ದಿದರೂ ತಿದ್ದುವವರಿಗೆ ಅದೇ ಹಾಡು ಕೇಳುತ್ತಿರುತ್ತದೆ. ಹಾಡು ಕೇಳದವರೇ ಬಂದು ಕೂರಬೇಕು. ಆಟದ ವಿನ್ಯಾಸಕರು ಅಪರಿಚಿತರನ್ನು ಹುಡುಕುವುದು ಇದಕ್ಕೇ. ಕೂರಿಸಿದ ಮೇಲೆ ವಿನ್ಯಾಸಕರು ಪಾಲಿಸಬೇಕಾದ ಶಿಸ್ತು ಒಂದೇ: ಬಾಯಿ ತೆರೆಯಬಾರದು, ಮುಖದಲ್ಲೂ ಉತ್ತರ ಕೊಡಬಾರದು. ಏನಾಯಿತು ಎಂಬುದನ್ನು ಬರೆದುಕೊಳ್ಳಬೇಕು, ಯಾಕಾಯಿತು ಎಂಬ ವಿಚಾರ ಆಮೇಲೆ.

ಶ್ರೀನಿವಾಸಪುರದ ಕಡೆಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಆಡಲು ಕೂತಾಗ ನಡೆದದ್ದನ್ನೇ ನೋಡಿ. ಆಗಿನ ಮಾದರಿಯಲ್ಲಿ ಪ್ರತಿ ಆಟಗಾರರಿಗೂ ಒಂದು ಸೋಡಾ ಮುಚ್ಚಳ ಕೊಟ್ಟಿದ್ದರು. ಅದು ಅವರವರ ಬೋರು. ಡಬ್ಬಿಯಿಂದ ಬೀಜ ತೆಗೆದು ಮುಚ್ಚಳದಲ್ಲಿ ಹಾಕಿಕೊಂಡು, ಆಮೇಲೆ ಬೆಳೆಯ ಚೀಟಿಯ ಮೇಲೆ ಇಡಬೇಕು. ಎರಡನೇ ವರ್ಷ ಒಬ್ಬಾಕೆ ಮೂರು ಬೀಜ ತೆಗೆದು, ರಾಗಿ ಚೀಟಿ ಹಾಕಿ, ಒಂದನ್ನು ಚೀಟಿಯ ಮೇಲಿಟ್ಟರು. ಉಳಿದ ಎರಡರ ಮೇಲೆ ಬೆರಳು ಒಂದು ಕ್ಷಣ ನಿಂತಿತು. ನಂತರ ಮುಚ್ಚಳವನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. "ನನ್ ಬೋರಿನ ನೀರು ನನಗೇ ಇರ್ಲಿ ಅಕ್ಕ, ಮುಂದಿನ ವರ್ಷಕ್ಕೆ ಆಗತ್ತೆ" ಎಂದರು. ಪಕ್ಕದವರೂ ಹಾಗೇ ಮಾಡಿದರು. ಅಲ್ಲಿಗೆ ಆಟ ಬೇರೆಯದೇ ಆಗಿಹೋಯಿತು. ಎಲ್ಲರ ನೀರು ಒಂದೇ ಎಂದು ತೋರಿಸಬೇಕಿದ್ದ ಆಟ, ನೀರನ್ನು ಕೂಡಿಟ್ಟುಕೊಳ್ಳುವುದು ಹೇಗೆಂದು ಕಲಿಸುತ್ತಿತ್ತು.

ಹಾಳೆಯಲ್ಲಿ "ಬಳಸದ ನೀರನ್ನು ವಾಪಸ್ ಹಾಕಿ" ಎಂದು ಸ್ಪಷ್ಟವಾಗಿ ಬರೆದಿತ್ತು. ಆದರೆ ಕೈಯಲ್ಲಿರುವ ಬಟ್ಟಲು ಹಾಳೆಗಿಂತ ಗಟ್ಟಿಯಾಗಿ ಮಾತಾಡುತ್ತದೆ. ಮುಚ್ಚಳ ಕೊಟ್ಟರೆ ಅದು ತುಂಬಿಸಿಕೊಳ್ಳಲು ಎಂದೇ ಯಾರಾದರೂ ತಿಳಿಯುತ್ತಾರೆ. ಇಲ್ಲಿ ನಿಯಮವನ್ನು ದಪ್ಪಕ್ಷರದಲ್ಲಿ ಬರೆಯುವುದು ಪರಿಹಾರವಲ್ಲ. ಶಿಕ್ಷಕಿ ಮುಚ್ಚಳಗಳನ್ನೇ ತೆಗೆದುಹಾಕಿದರು. ಡಬ್ಬಿಯ ಬದಲು ಒಂದು ಹಲಗೆ ಬಂತು. ಅದರ ಮೇಲೆ ಹತ್ತತ್ತು ಬೀಜದ ಐದು ಸಾಲು, ಮೇಲಿನಿಂದ ಕೆಳಕ್ಕೆ. ಈಗ ಬೀಜ ಹಲಗೆಯಿಂದ ನೇರವಾಗಿ ಬೆಳೆಯ ಚೀಟಿಗೆ ಹೋಗುತ್ತದೆ. ನಡುವೆ ಕೂಡಿಡಲು ಜಾಗವೇ ಇಲ್ಲ. ನೀರಿನ ಮಟ್ಟ ಇಳಿಯುವುದೂ ಎಲ್ಲರ ಕಣ್ಣಿಗೆ ಬೀಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಆಟಗಾರರು ತಡವರಿಸಿದ್ದೆಲ್ಲ ಆಟದ ದೋಷವಲ್ಲ. "ರಾಗಿ ಹಾಕಲೋ ಟೊಮೇಟೊ ಹಾಕಲೋ" ಎಂದು ಯೋಚಿಸುತ್ತ ಕೂತರೆ ಆಟ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. "ಮಳೆ ಬೀಜ ಈಗ ಹಾಕಬೇಕಾ, ಆಮೇಲಾ?" ಎಂದು ತಿಳಿಯದೆ ಕೂತರೆ ಅದು ದೋಷ. ಮೇಲ್ನೋಟಕ್ಕೆ ಎರಡೂ ಮೌನದ ಹಾಗೆಯೇ ಕಾಣುತ್ತವೆ. ಬೇರ್ಪಡಿಸಲು ಆಟ ಮುಗಿದ ಮೇಲೆ ಒಂದು ಪ್ರಶ್ನೆ ಸಾಕು. "ಆಟ ಹೇಗಿತ್ತು?" ಎಂದಲ್ಲ, ಅದಕ್ಕೆ ನಮ್ಮ ಜನ ಮರ್ಯಾದೆಗೆ "ಚೆನ್ನಾಗಿತ್ತು" ಎಂದೇ ಹೇಳುತ್ತಾರೆ. "ಹಲಗೆಯಲ್ಲಿ ಹತ್ತು ಬೀಜ ಇದೆ, ನೀವೆಲ್ಲ ರಾಗಿ ಹಾಕಿದಿರಿ, ಮುಂದಿನ ವರ್ಷ ಎಷ್ಟಿರುತ್ತದೆ?" ಎಂದು ಕೇಳಬೇಕು. ಹತ್ತು ಎಂದವರಿಗೆ ನಿಯಮ ತಿಳಿದಿದೆ. ಐದು ಎಂದವರು ಮಳೆಯನ್ನು ಮರೆತಿದ್ದಾರೆ. ಆಗ ತಿದ್ದಬೇಕಾದ್ದು ಆಟದಲ್ಲಿ ಮಳೆ ಬರುವ ಜಾಗವನ್ನು.

ಮುಳಬಾಗಿಲಿನಲ್ಲಿ ಆಮೇಲೆ ಆಡಿದ ಕಾಲೇಜು ಹುಡುಗರದ್ದು ಇನ್ನೊಂದು ಬಗೆಯ ಸಮಸ್ಯೆ. ಅವರಿಗೆ ನಿಯಮ ಚೆನ್ನಾಗಿಯೇ ಅರ್ಥವಾಯಿತು. ಎಲ್ಲರೂ ಮೊದಲ ವರ್ಷದಿಂದ ಟೊಮೇಟೊ ಹಾಕಿದರು, ನೀರು ಬತ್ತುತ್ತ ಬಂದರೂ ನಗುತ್ತಿದ್ದರು. ಅವರಲ್ಲೊಬ್ಬ ಲೆಕ್ಕ ಒಪ್ಪಿಸಿದ: ಹತ್ತು ವರ್ಷವೂ ರಾಗಿ ಹಾಕಿದರೆ ತಲೆಗೆ 20 ನಾಣ್ಯ. ನಾಲ್ಕು ವರ್ಷ ಟೊಮೇಟೊ ಹಾಕಿದರೆ 20. ಆಗ ಹತ್ತು ಬೀಜ ಉಳಿದಿರುತ್ತದೆ, ಮಿಕ್ಕ ಆರು ವರ್ಷ ರಾಗಿಗೆ ಸಾಕು, 12 ನಾಣ್ಯ. ಒಟ್ಟು 32. ನೀರು ಖಾಲಿ ಮಾಡುವುದೇ ಲಾಭ. ಹುಡುಗ ಹೇಳಿದ್ದು ಸರಿಯಾಗಿತ್ತು, ತಪ್ಪಿದ್ದು ಮಾದರಿಯಲ್ಲಿ. ನಿಜವಾದ ಹೊಲದಲ್ಲಿ ನೀರು ಆಳಕ್ಕೆ ಇಳಿದರೆ ಬೋರು ಆಳ ಮಾಡಿಸಬೇಕು, ಪಂಪು ಬದಲಿಸಬೇಕು, ಸಾಲ ಮಾಡಬೇಕು. ಆಟದಲ್ಲಿ ಐವತ್ತನೇ ಬೀಜಕ್ಕೂ ಐದನೇ ಬೀಜಕ್ಕೂ ಒಂದೇ ಬೆಲೆ ಇತ್ತು.

ಆದ್ದರಿಂದ ಹಲಗೆಯ ಮೇಲೆ ಒಂದು ಕೆಂಪು ಗೆರೆ ಬಂತು. ವರ್ಷದ ಆರಂಭದಲ್ಲಿ 20 ಅಥವಾ ಅದಕ್ಕಿಂತ ಕಡಿಮೆ ಬೀಜ ಇದ್ದರೆ ಪ್ರತಿಯೊಬ್ಬರೂ ಬೋರಿಗೆಂದು 2 ನಾಣ್ಯ ಕಟ್ಟಬೇಕು. ಈಗ ಅದೇ ತಂತ್ರದ ಲೆಕ್ಕ ನೋಡಿ. ಮೊದಲ ಮೂರು ವರ್ಷ ಟೊಮೇಟೊಗೆ 15 ನಾಣ್ಯ. ನಾಲ್ಕನೇ ವರ್ಷ 20 ಬೀಜ ಮಾತ್ರ ಇರುವುದರಿಂದ ಉಳಿಯುವುದು 3. ಆಮೇಲೆ ರಾಗಿಯ 2 ನಾಣ್ಯ ಬೋರಿಗೇ ಸರಿಹೋಗುತ್ತದೆ. ಒಟ್ಟು 18, ರಾಗಿಯ 20ಕ್ಕಿಂತ ಕಡಿಮೆ. ಆದರೆ ಎರಡು ವರ್ಷ ಟೊಮೇಟೊ ಹಾಕಿ, 30 ಬೀಜಕ್ಕೆ ಬಂದಾಗ ಐವರೂ ಒಪ್ಪಿ ರಾಗಿಗೆ ತಿರುಗಿದರೆ 26. ಎಲ್ಲಿ ನಿಲ್ಲಿಸಬೇಕೆಂದು ಕೂತು ಮಾತಾಡುವುದಕ್ಕೆ ಈಗ ಆಟದಲ್ಲೇ ಕಾರಣ ಹುಟ್ಟಿತು.

ಬದಲಾವಣೆಯನ್ನು ಯಾವಾಗ ಮಾಡಬೇಕು? ಎಲ್ಲ ಗುಂಪುಗಳೂ ಆಡಿ ಮುಗಿಯಲಿ ಎಂದು ಕಾಯಬೇಕಿಲ್ಲ. ಮೈಕ್ರೋಸಾಫ್ಟ್‌ನಲ್ಲಿ ಮೈಕೆಲ್ ಮೆಡ್ಲಾಕ್ ಮತ್ತು ಸಂಗಡಿಗರು 2002ರಲ್ಲಿ ವಿವರಿಸಿದ ಕ್ರಮ ಇಲ್ಲಿಗೆ ಹೊಂದುತ್ತದೆ. 'ಏಜ್ ಆಫ್ ಎಂಪೈರ್ಸ್ 2' ಎಂಬ ಕಂಪ್ಯೂಟರ್ ಆಟದ ಕಲಿಕಾ ಭಾಗವನ್ನು ಪರೀಕ್ಷಿಸುವಾಗ, ಕಾರಣವೂ ಪರಿಹಾರವೂ ಸ್ಪಷ್ಟವಿದ್ದ ದೋಷವನ್ನು ಮುಂದಿನ ಆಟಗಾರ ಬರುವ ಮೊದಲೇ ಅವರು ಸರಿಪಡಿಸುತ್ತಿದ್ದರು. ಹೊಸಬರು ಆಡುವುದು ಆ ಪರಿಹಾರದ ಪರೀಕ್ಷೆಯೂ ಆಗುತ್ತಿತ್ತು. ಮುಚ್ಚಳ ಅಂಥ ದೋಷ. ಕೆಂಪು ಗೆರೆಗೆ ಮಾತ್ರ ಲೆಕ್ಕ ಹಾಕಿ ನೋಡುವಷ್ಟು ಸಮಯ ಬೇಕು. ಒಮ್ಮೆ ಆಡಿದ ಗುಂಪು ಮತ್ತೆ ಹೊಸಬರಾಗುವುದಿಲ್ಲ ಎಂಬುದನ್ನೂ ಮರೆಯಬಾರದು. ಐದು ಜನ ಒಂದು ಕಡೆ ಕೂತರೆ ಐದು ಪರೀಕ್ಷೆ ಎಂದೂ ಎಣಿಸುವಂತಿಲ್ಲ. ಒಬ್ಬರಿಗೆ ತಿಳಿದ ಕೂಡಲೇ ಉಳಿದವರಿಗೆ ಹೇಳಿಕೊಡುವುದರಿಂದ ಅದು ಒಂದೇ ಪರೀಕ್ಷೆ.

ಆಟಗಾರರು ಹೇಳಿದ್ದನ್ನೆಲ್ಲ ಸೇರಿಸುತ್ತ ಹೋದರೂ ಕಷ್ಟ. ಶ್ರೀನಿವಾಸಪುರದವರು "ಮಾವು ಎಲ್ಲಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಮಾವಿನ ತೋಪನ್ನು ವರ್ಷಕ್ಕೊಮ್ಮೆ ಬದಲಿಸಲಾಗದು. ಅದನ್ನು ತಂದರೆ ವರ್ಷ ವರ್ಷ ಆರಿಸುವ ಆಟವೇ ಮುರಿಯುತ್ತದೆ. ಅದನ್ನು ಶಿಕ್ಷಕಿ ಬಿಟ್ಟರು. ತೆಲುಗು ಮನೆಮಾತಿನ ಆಟಗಾರರು ಚೀಟಿಯ ಕನ್ನಡವನ್ನು ಪಕ್ಕದವರಿಂದ ಓದಿಸಿಕೊಳ್ಳುತ್ತಿದ್ದುದನ್ನು ಮಾತ್ರ ಬಿಡಲಿಲ್ಲ. ಅವರು ಯಾರೂ ದೂರಲಿಲ್ಲ, ಆದರೂ ಚೀಟಿಯ ಮೇಲೆ ಅಕ್ಷರದ ಬದಲು ರಾಗಿ ತೆನೆ, ಟೊಮೇಟೊ, ಬೀಜದ ಚಿತ್ರಗಳು ಬಂದವು.

ಈ ಪರೀಕ್ಷೆ ಹೇಳುವುದು ಆಟ ಅರ್ಥವಾಯಿತೋ ಇಲ್ಲವೋ ಎಂಬುದನ್ನು ಮಾತ್ರ. ಆಡಿದವರು ನೀರು ಉಳಿಸುತ್ತಾರೋ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಬೇರೆ ಅಳತೆ ಬೇಕು. ಆಂಧ್ರದ ತಂಡ ಅದನ್ನೂ ಅಳೆದಿತ್ತು: ಆಟ ಆಡಿದ ಊರುಗಳಲ್ಲಿ ನೀರಿನ ಲೆಕ್ಕದ ಪುಸ್ತಕ ಇಡುವುದು, ಬಳಕೆಗೆ ಕಟ್ಟುಪಾಡು ಮಾಡಿಕೊಳ್ಳುವುದು, ಆಡದ ಊರುಗಳಿಗಿಂತ ಹೆಚ್ಚಾಗಿತ್ತು ಎಂದು 2018ರ ವರದಿ ಹೇಳುತ್ತದೆ. ಮಾಲೂರಿನ ಆಟ ಆ ಅಳತೆಗೆ ಹೋಗುವ ಮೊದಲು, ಯಾರ ವಿವರಣೆಯೂ ಇಲ್ಲದೆ ಹೊಸ ಗುಂಪೊಂದು ಹತ್ತೂ ವರ್ಷ ಆಡಿ ಮುಗಿಸಬೇಕು, ಮಳೆಯ ಪ್ರಶ್ನೆಗೆ ಐವರೂ ಸರಿಯಾದ ಉತ್ತರ ಕೊಡಬೇಕು. ಶಿಕ್ಷಕಿ ಈಗ ಅಂಥ ಗುಂಪನ್ನು ಕೋಲಾರದಲ್ಲಿ ಹುಡುಕುತ್ತಿದ್ದಾರೆ.