ಕಸಕ್ಕೆ ಆತುರ ಬೇಡ, ಮೈ ಹೊರಬಂದರೆ ತಡ ಬೇಡ

ಹಸು ಕರು ಹಾಕಿದ ಮೇಲೆ ಮನೆಯವರನ್ನು ಹೆಚ್ಚು ಗಾಬರಿಪಡಿಸುವ ತೊಂದರೆಗಳು ಎರಡು. ಒಂದು, ಕಸ ಬೀಳದೆ ಹಿಂದೆ ಜೋತಾಡುವುದು. ಕೆಲವು ಕಡೆ ಕಸವನ್ನೇ ಸತ್ತೆ, ಮಾಸು ಎನ್ನುತ್ತಾರೆ. ಇನ್ನೊಂದು, ಗರ್ಭಕೋಶವೇ ಮಗುಚಿಕೊಂಡು ಹೊರಗೆ ಬರುವುದು, ಅಂದರೆ ಮೈ ಹೊರಬರುವುದು. ಕಸ ಬೀಳದಿದ್ದರೆ ಅರ್ಧ ದಿನ ಕಳೆಯುವುದರೊಳಗೆ ಯಾರನ್ನಾದರೂ ಕರೆತಂದು ಕೈ ಹಾಕಿಸಿ ಕೀಳಿಸುತ್ತಾರೆ. ಮೈ ಹೊರಬಂದರೆ ಅಕ್ಕಪಕ್ಕದವರೇ ಸೇರಿ ಒಳಗೆ ತಳ್ಳಿ ನೋಡುತ್ತಾರೆ, ಆಗದಿದ್ದಾಗ ಡಾಕ್ಟರಿಗೆ ಫೋನು ಹೋಗುತ್ತದೆ. ಎರಡೂ ಕಡೆ ನಡೆಯಬೇಕಾದ್ದು ಇದಕ್ಕೆ ತದ್ವಿರುದ್ಧ. ಏಕೆ ಎಂಬುದು ಒಳಗೆ ಏನಾಗುತ್ತದೆಂದು ತಿಳಿದರೆ ಗೊತ್ತಾಗುತ್ತದೆ.

ಕಸ ಬಿಡಿಸಿಕೊಳ್ಳುವುದು ಹೇಗೆ

ಹಸುವಿನ ಗರ್ಭಕೋಶದ ಒಳಗೋಡೆಯಲ್ಲಿ ಸುಮಾರು 70ರಿಂದ 120 ಗಂಟುಗಳಿರುತ್ತವೆ. ಕಸದ ಮೇಲೂ ಅಷ್ಟೇ ಗಂಟುಗಳು. ಗಬ್ಬದ ಉದ್ದಕ್ಕೂ ಇವು ಅಂಗಿಯ ಟಿಚ್ ಬಟನ್‌ನಂತೆ ಒಂದಕ್ಕೊಂದು ಕಚ್ಚಿಕೊಂಡಿದ್ದು, ಕರುವಿಗೆ ಬೇಕಾದ ಆಹಾರವೆಲ್ಲ ಈ ಜಾಗದಲ್ಲೇ ದಾಟುತ್ತದೆ. ಗಬ್ಬದ ಕೊನೆಯ ದಿನಗಳಲ್ಲಿ ಈ ಹಿಡಿತ ಸಡಿಲವಾಗತೊಡಗುತ್ತದೆ. ಕರು ಹುಟ್ಟುವ ಹೊತ್ತಿಗೆ ತಾಯಿಯ ರಕ್ತದ ಬಿಳಿಕಣಗಳು ಕಸವನ್ನು ಹೊರಗಿನ ವಸ್ತುವೆಂದು ಗುರುತಿಸಿ ಗಂಟುಗಳ ನಡುವಿನ ಅಂಟನ್ನು ಕರಗಿಸುತ್ತವೆ. ಆಮೇಲೆ ಗರ್ಭಕೋಶ ಹಿಂಡಿದರೆ ಕಸ ತಾನಾಗಿ ಜಾರುತ್ತದೆ. ಸಾಮಾನ್ಯವಾಗಿ ಕರು ಹಾಕಿದ 3ರಿಂದ 8 ಗಂಟೆಯೊಳಗೆ ಇದು ಮುಗಿಯುತ್ತದೆ. 12 ಗಂಟೆ ಕಳೆದರೂ ಬೀಳದಿದ್ದರೆ ಕಸ ನಿಂತಿದೆ ಎಂದು ಲೆಕ್ಕ.

ಹಾಗಾಗಿ ಕಸ ನಿಲ್ಲುವುದಕ್ಕೆ ಮುಖ್ಯ ಕಾರಣ ಅಂಟು ಕರಗದಿರುವುದು, ಹಸುವಿಗೆ ಮುಕ್ಕುವ ಶಕ್ತಿ ಇಲ್ಲದಿರುವುದಲ್ಲ. ದಿನ ತುಂಬುವ ಮೊದಲೇ ಕರು ಹಾಕಿದರೆ, ಕಂದು ಹಾಕಿದರೆ ಅಥವಾ ಅವಳಿ ಕರುವಾದರೆ ಸಡಿಲವಾಗಲು ಸಮಯವೇ ಸಿಕ್ಕಿರುವುದಿಲ್ಲ. ಹಸಿರು ಮೇವಿಲ್ಲದೆ ಬರೀ ಒಣಹುಲ್ಲಿನ ಮೇಲೆ ಸಾಕಿದ ಹಸುವಿನಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ ಕಡಿಮೆಯಾಗಿ ಬಿಳಿಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಕರುವನ್ನು ಎಳೆದು ತೆಗೆದಾಗ, ಬಿಸಿಲಿನ ತಾಪದಲ್ಲಿ ಹಸು ಬಳಲಿದಾಗ, ರಕ್ತದಲ್ಲಿ ಸುಣ್ಣದ ಅಂಶ ಇಳಿದಾಗಲೂ ಹೀಗಾಗುವುದುಂಟು.

ಕಸ ಬೀಳಿಸುವ ಇಂಜೆಕ್ಷನ್ ಕೊಡಿ ಎಂದು ಅನೇಕರು ಕೇಳುತ್ತಾರೆ. ಆ ಔಷಧ ಗರ್ಭಕೋಶವನ್ನು ಹಿಂಡಿಸುತ್ತದೆ, ಅಂಟನ್ನು ಕರಗಿಸುವುದಿಲ್ಲ. ಕರು ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟರೆ ಸ್ವಲ್ಪ ಪ್ರಯೋಜನವಾದೀತು, ಮಾರನೆಯ ದಿನ ಕೊಟ್ಟರೆ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ. ಕೈ ಹಾಕಿ ಕೀಳುವುದಂತೂ ಇನ್ನೂ ಕೆಟ್ಟದ್ದು. ಹೊರಗೆ ಬಂದ ಕಸ ಪೂರ್ತಿಯಾಗಿ ಕಂಡರೂ ಗಂಟುಗಳಲ್ಲಿ ಚೂರುಗಳು ಉಳಿದಿರುತ್ತವೆ. ಗರ್ಭಕೋಶದ ಒಳಪದರ ಹರಿದು, ಅಲ್ಲಿಂದ ಕೀವಿನ ಕ್ರಿಮಿಗಳು ರಕ್ತಕ್ಕೆ ಸೇರುತ್ತವೆ. ಹೀಗೆ ಕೀಳಿಸಿಕೊಂಡ ಹಸು ಆ ಸೂಲಿನಲ್ಲಿ ಮತ್ತೆ ಗಬ್ಬ ಕಟ್ಟಲು ತಿಂಗಳುಗಟ್ಟಲೆ ತಡಮಾಡುವುದು ಸಾಮಾನ್ಯ.

ಕಾಯುವುದೆಂದರೆ ಸುಮ್ಮನಿರುವುದಲ್ಲ

ಮೂರನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸುವೊಂದು ಸೋಮವಾರ ಸಂಜೆ ಆರಕ್ಕೆ ಕರು ಹಾಕಿತು ಎಂದಿಟ್ಟುಕೊಳ್ಳಿ. ಮಂಗಳವಾರ ಬೆಳಿಗ್ಗೆಯೂ ಕಸ ಜೋತಾಡುತ್ತಿದೆ. ಹಸು ಮೇವು ತಿನ್ನುತ್ತಿದೆ, ಮೆಲುಕು ಹಾಕುತ್ತಿದೆ. ಆಗ ಮಾಡಬೇಕಾದ್ದು ಇಷ್ಟು. ಜೋತಾಡುವ ಭಾಗ ಹಿಂಗಾಲಿನ ಮೊಣಕಾಲಿನಿಂದ ಕೆಳಗಿದ್ದರೆ, ನೆಲದ ಸಗಣಿ ಮೆತ್ತದಂತೆ ಅಷ್ಟನ್ನು ಮಾತ್ರ ಸ್ವಚ್ಛ ಕತ್ತರಿಯಿಂದ ಕತ್ತರಿಸಿ. ಅದಕ್ಕೆ ಕಲ್ಲು, ಚಪ್ಪಲಿ, ಪೊರಕೆ ಯಾವುದನ್ನೂ ಕಟ್ಟಬೇಡಿ. ಭಾರಕ್ಕೆ ಕಸ ಅರ್ಧಕ್ಕೆ ಹರಿಯುತ್ತದೆ, ಇಲ್ಲವೇ ಗರ್ಭಕೋಶವನ್ನೇ ಕೆಳಕ್ಕೆ ಎಳೆಯುತ್ತದೆ. ಬಿದಿರಿನ ಸೊಪ್ಪು ತಿನ್ನಿಸುವ ರೂಢಿ ಇದ್ದರೆ ಮೇವಿನ ಜೊತೆ ಸ್ವಲ್ಪ ಕೊಡಿ, ಅದನ್ನೇ ಚಿಕಿತ್ಸೆಯೆಂದು ನಂಬಿ ಕೂರಬೇಡಿ. ಡಾಕ್ಟರಿಗೆ ಫೋನು ಮಾಡಿ ವಿಷಯ ತಿಳಿಸಿಡಿ.

ಆ ದಿನದಿಂದ ಹತ್ತು ದಿನ, ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ ಗೋಡೆಯ ಮೇಲೆ ಬರೆದಿಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಎರಡನೇ ದಿನಕ್ಕೆ ಕಸ ನಾರಲು ಶುರುವಾಗುತ್ತದೆ. ಸತ್ತ ಮಾಂಸ ಕೊಳೆಯುವ ವಾಸನೆ ಅದು, ವಾಸನೆ ಒಂದೇ ಇದ್ದರೆ ಗಾಬರಿ ಬೇಡ. ನಮ್ಮ ಹಸುವಿಗೆ ಶುಕ್ರವಾರ 103.6 ಬಂತು, ಹಿಂಡಿ ಮುಟ್ಟಲಿಲ್ಲ, ಹಾಲು ಅರ್ಧಕ್ಕೆ ಇಳಿಯಿತು, ಹಿಂದಿನಿಂದ ನೀರಿನಂತೆ ತೆಳುವಾದ ಕೆಂಪು ಮಿಶ್ರಿತ ಕಂದು ಬಣ್ಣದ ದುರ್ವಾಸನೆಯ ಸ್ರಾವ ಸುರಿಯಿತು. ಇದು ಗರ್ಭಕೋಶಕ್ಕೆ ಸೋಂಕು ತಗುಲಿದ ಗುರುತು. ಈಗ ಒಂದು ದಿನವೂ ತಡಮಾಡುವಂತಿಲ್ಲ. ಡಾಕ್ಟರು ಮೂರರಿಂದ ಐದು ದಿನ ಆಂಟಿಬಯೋಟಿಕ್ ಇಂಜೆಕ್ಷನ್ ಮತ್ತು ಜ್ವರಕ್ಕೆ ಔಷಧ ಕೊಡುತ್ತಾರೆ. ಹಾಲನ್ನು ಎಷ್ಟು ದಿನ ಡೇರಿಗೆ ಹಾಕಬಾರದೆಂದು ಅವರನ್ನೇ ಕೇಳಿ ಪಾಲಿಸಿ. ಗಂಟುಗಳು ಕೊಳೆತು ಸಡಿಲವಾದ ಮೇಲೆ ಕಸ ತಾನಾಗಿ ಬೀಳುತ್ತದೆ. ಅದಕ್ಕೆ ಐದರಿಂದ ಹತ್ತು ದಿನ ಹಿಡಿಯಬಹುದು. ಮುಂದೆ ಬೆದೆಗೆ ಬಂದಾಗ ಗರ್ಭಕೋಶ ಶುದ್ಧವಾಗಿದೆಯೇ ಎಂದು ಪರೀಕ್ಷೆ ಮಾಡಿಸದೆ ಗಬ್ಬದ ಇಂಜೆಕ್ಷನ್ ಕೊಡಿಸಬೇಡಿ.

ಇಲ್ಲಿ ಒಂದು ಅಪಾಯ ಮನುಷ್ಯರಿಗೂ ಇದೆ. ಹಸು ಗಬ್ಬಕ್ಕೆ ಐದು ತಿಂಗಳಾದ ಮೇಲೆ ಕಂದು ಹಾಕಿ ಕಸವೂ ನಿಂತರೆ ಬ್ರುಸೆಲ್ಲೋಸಿಸ್ ಇರಬಹುದೆಂದೇ ತಿಳಿಯಬೇಕು. ಕಸ, ಸ್ರಾವ, ಸತ್ತ ಕರು ಇವುಗಳಿಂದ ಈ ರೋಗ ಮನುಷ್ಯರಿಗೆ ಅಂಟಿ, ಬಿಟ್ಟುಬಿಟ್ಟು ಜ್ವರ, ಕೀಲುನೋವು ತರುತ್ತದೆ. ಕೈಗವಸು ಹಾಕದೆ ಮುಟ್ಟಬೇಡಿ, ಗರ್ಭಿಣಿಯರನ್ನು ದೂರವಿಡಿ, ಅವನ್ನು ನಾಯಿ ಕೆದಕದಷ್ಟು ಆಳಕ್ಕೆ ಸುಣ್ಣ ಹಾಕಿ ಹೂಳಿ, ಹಾಲನ್ನು ಕಾಯಿಸದೆ ಕುಡಿಯಬೇಡಿ, ಹಸುವಿನ ರಕ್ತಪರೀಕ್ಷೆ ಮಾಡಿಸಿ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಇದರ ಲಸಿಕೆ ಇದೆ. ಒಮ್ಮೆ ಹಾಕಿಸಿದರೆ ಸಾಕು.

ಮೈ ಹೊರಬಂದರೆ

ಮೈ ಹೊರಬರುವುದರಲ್ಲಿ ಎರಡು ಬಗೆ. ಎರಡನ್ನೂ ಕಣ್ಣಳತೆಯಲ್ಲೇ ಗುರುತಿಸಬಹುದು. ಕರು ಹಾಕುವುದಕ್ಕೆ ಮೊದಲು, ಗಬ್ಬದ ಕೊನೆಯ ಎರಡು ಮೂರು ತಿಂಗಳಲ್ಲಿ, ಮಲಗಿದಾಗ ಚೆಂಡಿನಂತಹ ನುಣುಪಾದ ಗುಲಾಬಿ ಬಣ್ಣದ ಗೆಡ್ಡೆ ಕಾಣಿಸಿಕೊಂಡು ಎದ್ದಾಗ ಒಳಗೆ ಹೋದರೆ ಅದು ಯೋನಿಯ ಭಾಗ. ಕರು ಹಾಕಿದ ಕೆಲವೇ ಗಂಟೆಗಳಲ್ಲಿ, ಮೊಣಕಾಲಿನವರೆಗೂ ಇಳಿಬಿದ್ದ ಕೆಂಪು ಚೀಲ, ಅದರ ಮೇಲೆಲ್ಲ ಗಂಟುಗಳು ಕಂಡರೆ ಅದು ಗರ್ಭಕೋಶವೇ.

ಮೊದಲನೆಯದಕ್ಕೆ ಕಾರಣ, ಕೊನೆಯ ತಿಂಗಳುಗಳ ಹಾರ್ಮೋನುಗಳಿಂದ ಸಡಿಲವಾದ ಕಟ್ಟುಗಳ ಮೇಲೆ ಹೊಟ್ಟೆಯ ಭಾರ ಹಿಂದಕ್ಕೆ ಬೀಳುವುದು. ಗಂಜಲ ಹರಿಯಲೆಂದು ಕೊಟ್ಟಿಗೆಯ ನೆಲವನ್ನು ಹಿಂದಕ್ಕೆ ತೀರಾ ಇಳಿಜಾರು ಮಾಡಿದ್ದರೆ, ಹಸು ಬೊಜ್ಜು ಬೆಳೆದಿದ್ದರೆ, ಒಂದೇ ಹೊತ್ತಿಗೆ ಹೊಟ್ಟೆ ಬಿರಿಯುವಷ್ಟು ಒಣಹುಲ್ಲು ಹಾಕಿದರೆ ಒತ್ತಡ ಹೆಚ್ಚುತ್ತದೆ. ಬೂಷ್ಟು ಹಿಡಿದ ಜೋಳ, ಹಿಂಡಿಯ ವಿಷವೂ ಕಟ್ಟುಗಳನ್ನು ಸಡಿಲಿಸುತ್ತದೆ. ಹಿಂಭಾಗ ಅರ್ಧ ಅಡಿ ಎತ್ತರವಾಗುವಂತೆ ಮಣ್ಣು ತುಂಬಿಸಿ ಅಥವಾ ರಬ್ಬರ್ ಮ್ಯಾಟ್ ಮಡಿಸಿ ಹಾಕಿದರೆ, ಮೇವನ್ನು ಮೂರು ನಾಲ್ಕು ಸಲಕ್ಕೆ ಹಂಚಿದರೆ ಅನೇಕ ಹಸುಗಳು ಕರು ಹಾಕುವವರೆಗೆ ನಿಭಾಯಿಸುತ್ತವೆ. ಎದ್ದರೂ ಒಳಗೆ ಹೋಗದಿದ್ದರೆ ಡಾಕ್ಟರು ಒಳಗೆ ಸೇರಿಸಿ ಹೊಲಿಗೆ ಹಾಕುತ್ತಾರೆ. ಕರು ಹಾಕುವ ಸೂಚನೆ ಕಂಡ ಕೂಡಲೇ ಆ ಹೊಲಿಗೆ ಬಿಚ್ಚಿಸಬೇಕು, ಮರೆತರೆ ಹರಿಯುತ್ತದೆ. ಈ ತೊಂದರೆ ಮುಂದಿನ ಗಬ್ಬದಲ್ಲೂ ಮರಳುತ್ತದೆ, ವಂಶದಲ್ಲೂ ಹರಿಯುತ್ತದೆ. ಅಂಥ ಹಸುವಿನ ಹೆಣ್ಣುಕರುವನ್ನು ತಳಿಗೆ ಉಳಿಸಿಕೊಳ್ಳದಿರುವುದು ಲೇಸು.

ಗರ್ಭಕೋಶ ಹೊರಬರುವುದು ಬೇರೆಯೇ ಕಥೆ. ಕರು ಹಾಕಿದ ಹೊತ್ತಿಗೆ ಗಿಣ್ಣುಹಾಲಿಗೆ ಸುಣ್ಣದ ಅಂಶ ಹೆಚ್ಚಾಗಿ ಹರಿದು ರಕ್ತದಲ್ಲಿ ಕಡಿಮೆಯಾಗುತ್ತದೆ. ಸುಣ್ಣವಿಲ್ಲದೆ ಸ್ನಾಯು ಹಿಂಡಲಾರದು. ಬಿಗಿಯಾಗಿ ಕುಗ್ಗಬೇಕಾದ ಗರ್ಭಕೋಶ ಜೋಲಾಗಿಯೇ ಉಳಿದು, ಹಸು ಮುಕ್ಕಿದಾಗ ಒಳಹೊರಗಾಗಿ ಬಂದುಬಿಡುತ್ತದೆ. ದೊಡ್ಡ ಕರುವನ್ನು ನಾಲ್ಕು ಜನ ಒಟ್ಟಿಗೆ ಎಳೆದಾಗಲೂ ಹೀಗಾಗಬಹುದು. ಹೊರಬಂದ ಚೀಲದೊಳಗೆ ದೊಡ್ಡ ರಕ್ತನಾಳಗಳು ಬಿಗಿದು ನಿಂತಿರುತ್ತವೆ. ಹಸು ಓಡಾಡಿದರೆ ಅವು ಹರಿದು ಒಳಗೇ ರಕ್ತಸ್ರಾವವಾಗಿ ನಿಮಿಷಗಳಲ್ಲಿ ಸಾಯಬಹುದು. ಹೊತ್ತು ಕಳೆದಂತೆ ಚೀಲ ಊದಿ ಒಳಗೆ ಸೇರಿಸುವುದೂ ಕಷ್ಟವಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಡಾಕ್ಟರಿಗೆ ಫೋನು. ಕರ್ನಾಟಕದಲ್ಲಿ 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನಕ್ಕೆ ತಿಳಿಸಬಹುದು. ಅವರು ಬರುವವರೆಗೆ ಹಸುವನ್ನು ಇದ್ದಲ್ಲೇ ಇರಿಸಿ, ನಡೆಸಬೇಡಿ, ನಾಯಿ ಕಾಗೆಗಳನ್ನು ದೂರವಿಡಿ. ಒಂದು ಲೀಟರ್ ಶುದ್ಧ ತಣ್ಣೀರಿಗೆ ಎರಡು ಟೀ ಚಮಚ ಉಪ್ಪು ಬೆರೆಸಿ ಚೀಲಕ್ಕೆ ಮೆತ್ತಗೆ ಸುರಿದು ಹುಲ್ಲು, ಸಗಣಿ ತೊಳೆಯಿರಿ. ಅಂಟಿಕೊಂಡ ಕಸವನ್ನು ಎಳೆಯಬೇಡಿ. ಒಗೆದ ಬೆಡ್‌ಶೀಟನ್ನು ಅದೇ ನೀರಿನಲ್ಲಿ ಅದ್ದಿ ಸುತ್ತಿ, ಒಣಗದಂತೆ ಆಗಾಗ ಒದ್ದೆ ಮಾಡಿ. ಹಸು ನಿಂತಿದ್ದರೆ ಇಬ್ಬರು ಬೆಡ್‌ಶೀಟಿನ ಎರಡು ಅಂಚು ಹಿಡಿದು ಚೀಲವನ್ನು ಯೋನಿದ್ವಾರದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ಹೀಗೆ ಎತ್ತಿದರೆ ಊತ ಇಳಿಯುತ್ತದೆ, ರಕ್ತನಾಳಗಳ ಮೇಲಿನ ಎಳೆತವೂ ತಗ್ಗುತ್ತದೆ. ಮಲಗಿದ್ದರೆ ಎದೆಯ ಮೇಲೆ ಕೂರಿಸಿ, ಹಿಂಭಾಗ ಎತ್ತರವಾಗುವಂತೆ ಮಾಡಿ. ಕಿವಿ ತಣ್ಣಗಿದ್ದು, ಕತ್ತು ಹೊಟ್ಟೆಯ ಕಡೆಗೆ ಹೊರಳಿದ್ದರೆ ಹಾಲುಜ್ವರವಿದೆ ಎಂದು ಫೋನಿನಲ್ಲೇ ಹೇಳಿ. ಅಂಥ ಹಸುವಿನ ಬಾಯಿಗೆ ಏನನ್ನೂ ಸುರಿಯಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ.

ಒಳಗೆ ತಳ್ಳುವ ಕೆಲಸ ನಿಮ್ಮದಲ್ಲ. ಡಾಕ್ಟರು ಬೆನ್ನುಹುರಿಯ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮುಕ್ಕುವುದನ್ನು ನಿಲ್ಲಿಸಿ, ಮುಷ್ಟಿಯಿಂದ ನಿಧಾನವಾಗಿ ಸೇರಿಸುತ್ತಾರೆ. ಬೆರಳ ತುದಿಯಿಂದ ಒತ್ತಿದರೆ ಊದಿದ ಗೋಡೆ ತೂತಾಗಬಹುದು. ಆಮೇಲೆ ಕೊಂಬುಗಳು ಪೂರ್ತಿ ನೆಟ್ಟಗಾಗಿವೆಯೇ ಎಂದು ನೋಡಿ, ಗರ್ಭಕೋಶ ಕುಗ್ಗುವ ಔಷಧ ಮತ್ತು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡುತ್ತಾರೆ. ಬೇಗ ಸರಿಪಡಿಸಿದ ಹಸು ಮತ್ತೆ ಗಬ್ಬ ಕಟ್ಟುವುದುಂಟು. ಈ ಬಗೆಯದು ಮುಂದಿನ ಸೂಲಿನಲ್ಲಿ ಮರಳಲೇಬೇಕೆಂದೇನಿಲ್ಲ.

ಬತ್ತಿಸಿದ ಎರಡು ತಿಂಗಳು

ಎರಡೂ ತೊಂದರೆಗಳ ಬೇರು ಬಹುಮಟ್ಟಿಗೆ ಹಾಲು ಬತ್ತಿಸಿದ ಅವಧಿಯಲ್ಲಿದೆ. ಆಗ ಹಸಿರು ಮೇವು ತಪ್ಪಿಸಬೇಡಿ, ಡಾಕ್ಟರು ಹೇಳಿದ ಖನಿಜ ಮಿಶ್ರಣ ಕೊಡಿ. ಸೆಲೆನಿಯಂ ಇಂಜೆಕ್ಷನ್ ಅವರ ಲೆಕ್ಕದಲ್ಲೇ ಇರಲಿ, ಹೆಚ್ಚಾದರೆ ಅದು ವಿಷ. ಗಬ್ಬದ ಕೊನೆಯ ಮೂರು ವಾರ ಕ್ಯಾಲ್ಸಿಯಂ ಟಾನಿಕ್ಕನ್ನು ಧಾರಾಳವಾಗಿ ಕುಡಿಸುವ ರೂಢಿ ಬಿಡಿ. ಹೊರಗಿನಿಂದ ಸುಲಭವಾಗಿ ಸಿಗುತ್ತಿದ್ದರೆ ಮೂಳೆಯಿಂದ ಸುಣ್ಣ ಎಳೆದುಕೊಳ್ಳುವುದನ್ನು ದೇಹ ಮರೆಯುತ್ತದೆ, ಕರು ಹಾಕಿದ ದಿನವೇ ಅದು ಕೈಕೊಡುತ್ತದೆ. ಕ್ಯಾಲ್ಸಿಯಂ ಕೊಡಬೇಕಾದ್ದು ಕರು ಹಾಕಿದ ಹೊತ್ತಿಗೆ ಮತ್ತು ಮಾರನೆಯ ದಿನ. ಗಬ್ಬದ ಒಂಬತ್ತನೇ ತಿಂಗಳು ಶುರುವಾಗುತ್ತಿದ್ದಂತೆ ಒಂದು ಥರ್ಮಾಮೀಟರ್, ಒಂದು ಜೊತೆ ಉದ್ದ ಕೈಗವಸು, ಒಗೆದ ಬೆಡ್‌ಶೀಟು ತೆಗೆದಿರಿಸಿ, ನಿಮ್ಮ ಪಶುವೈದ್ಯರ ನಂಬರನ್ನು ಮನೆಯವರೆಲ್ಲರ ಫೋನಿನಲ್ಲೂ ಹಾಕಿಡಿ.