ಹೊಂದಿಸಿ ಬರೆಯಿರಿ: ಗಟ್ಟಿ ಜೋಡಿಯಿಂದ ಶುರುಮಾಡಿ

ಕೆಎಎಸ್, ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರಿಗೆ ಹೊಂದಿಸಿ ಬರೆಯುವ ಪ್ರಶ್ನೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಎಡಗಡೆ ನಾಲ್ಕು ಹೆಸರು, ಬಲಗಡೆ ನಾಲ್ಕು, ಕೆಳಗೆ ನಾಲ್ಕು ಸಂಕೇತಗಳು. ಬಹಳ ಮಂದಿ ಮೇಲಿನ ಹೆಸರಿನಿಂದ ಹಿಡಿದು ಕೆಳಗಿನವರೆಗೆ ಸಾಲಾಗಿ ಹೊಂದಿಸುತ್ತ ಹೋಗುತ್ತಾರೆ. ಮೊದಲ ಹೆಸರೇ ಗೊತ್ತಿಲ್ಲದಿದ್ದರೆ ಅಂದಾಜಿಗೆ ಏನೋ ಒಂದನ್ನು ಜೋಡಿಸುತ್ತಾರೆ. ಆ ಅಂದಾಜು ತಪ್ಪಿದರೆ, ಬೇರೆ ಯಾವುದೋ ಹೆಸರಿಗೆ ಸೇರಬೇಕಿದ್ದ ಉತ್ತರವೂ ಅದರ ಜೊತೆಗೆ ಖರ್ಚಾಗಿಬಿಟ್ಟಿರುತ್ತದೆ.

ನಾಲ್ಕಕ್ಕೆ ನಾಲ್ಕನ್ನು ಹೊಂದಿಸಲು 24 ದಾರಿಗಳಿವೆ. ಒಂದು ಜೋಡಿ ಖಚಿತವಾದರೆ ಉಳಿಯುವುದು 6. ಎರಡು ಖಚಿತವಾದರೆ ಬರೀ 2. ಆದ್ದರಿಂದ ಕ್ರಮಸಂಖ್ಯೆಯ ಹಂಗು ಬಿಟ್ಟು, ಯಾವುದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲವೋ ಆ ಜೋಡಿಯನ್ನು ಮೊದಲು ಹಿಡಿಯಬೇಕು.

ನಮ್ಮ ಜಲಾಶಯಗಳನ್ನೇ ತೆಗೆದುಕೊಳ್ಳೋಣ.

ಪಟ್ಟಿ 1: ಎ. ಲಿಂಗನಮಕ್ಕಿ, ಬಿ. ಹಿಡಕಲ್, ಸಿ. ಸೂಪಾ, ಡಿ. ನವಿಲುತೀರ್ಥ
ಪಟ್ಟಿ 2: 1. ಕಾಳಿ, 2. ಮಲಪ್ರಭಾ, 3. ಶರಾವತಿ, 4. ಘಟಪ್ರಭಾ

ಎ, ಬಿ, ಸಿ, ಡಿಗೆ ಕ್ರಮವಾಗಿ ಕೊಟ್ಟಿರುವ ಸಂಕೇತಗಳು:
ಮೊದಲನೆಯದು 3-4-1-2
ಎರಡನೆಯದು 3-2-1-4
ಮೂರನೆಯದು 1-4-3-2
ನಾಲ್ಕನೆಯದು 1-2-3-4

ಲಿಂಗನಮಕ್ಕಿ ಶರಾವತಿಯದು, ಜೋಗದ ಮೇಲ್ಭಾಗದ ಅಣೆಕಟ್ಟು. ಇದು ಹೆಚ್ಚಿನವರಿಗೆ ಗೊತ್ತು. ಎ ಎದುರಿಗೆ 3 ಬಂದ ಕೂಡಲೇ ಮೂರು ಮತ್ತು ನಾಲ್ಕನೆಯ ಸಂಕೇತಗಳು ಬಿದ್ದುಹೋದವು.

ಈ ಹಂತದಲ್ಲೇ ಜಾಣ ಅಭ್ಯರ್ಥಿಗಳೂ ಸಮಯ ಕಳೆದುಕೊಳ್ಳುವುದು. ಮುಂದಿನ ಖಚಿತ ಜೋಡಿ ಎಂದು ಅವರು ಸೂಪಾವನ್ನು ಹಿಡಿಯುತ್ತಾರೆ. ಅದು ಕಾಳಿ ನದಿಯದು, ಜೋಯಿಡಾ ಕಡೆಯದು, ಸರಿಯೇ. ಆದರೆ ಉಳಿದಿರುವ ಎರಡೂ ಸಂಕೇತಗಳಲ್ಲಿ ಸಿ ಎದುರಿಗೆ 1 ಎಂದೇ ಇದೆ. ಅದನ್ನು ಸರಿಯಾಗಿ ಹೊಂದಿಸಿದರೂ ಹೊಸದೇನೂ ತಿಳಿಯುವುದಿಲ್ಲ. ಒಂದು ಜೋಡಿ ಗಟ್ಟಿಯಾದ ಮೇಲೆ ಮೊದಲು ನೋಡಬೇಕಾದದ್ದು ಉಳಿದ ಸಂಕೇತಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು. ಇಲ್ಲಿ ಅವು ಬೇರೆಯಾಗುವುದು ಹಿಡಕಲ್ ಮತ್ತು ನವಿಲುತೀರ್ಥದಲ್ಲಿ. ಯೋಚನೆಯನ್ನೆಲ್ಲ ಅಲ್ಲಿಗೇ ಹರಿಸಬೇಕು.

ಎರಡೂ ಬೆಳಗಾವಿ ಜಿಲ್ಲೆಯ ಅಣೆಕಟ್ಟುಗಳು, ಎರಡರ ನದಿಯೂ ಕೊನೆಗೆ ಕೃಷ್ಣೆಯನ್ನು ಸೇರುತ್ತದೆ. ಗೊಂದಲವಾಗಲಿ ಎಂದೇ ಪ್ರಶ್ನೆ ತಯಾರಿಸಿದವರು ಇವನ್ನು ಜೊತೆಗಿಟ್ಟಿರುತ್ತಾರೆ. ಎರಡೂ ನೆನಪಿರಬೇಕೆಂದಿಲ್ಲ, ಒಂದು ಸಾಕು. ಗೋಕಾಕ ಜಲಪಾತ ಘಟಪ್ರಭೆಯದು, ಹಿಡಕಲ್ ಇರುವುದು ಪಕ್ಕದ ಹುಕ್ಕೇರಿ ತಾಲ್ಲೂಕಿನಲ್ಲಿ ಎಂಬುದು ಹೊಳೆದರೆ ಹಿಡಕಲ್ ಘಟಪ್ರಭೆಗೆ ಸೇರುತ್ತದೆ. ಹಾಗಲ್ಲದೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಹತ್ತಿರದ ನವಿಲುತೀರ್ಥದಲ್ಲಿ ತುಂಬಿ ನಿಂತದ್ದು ಮಲಪ್ರಭೆ ಎಂದು ನೆನಪಾಗಬಹುದು. ಯಾವ ಕಡೆಯಿಂದ ಬಂದರೂ ಉತ್ತರ ಮೊದಲ ಸಂಕೇತವೇ.

ಅದೂ ನೆನಪಾಗದಿದ್ದರೆ ಬಿಟ್ಟುಬಿಡಬೇಕೇ? ತಪ್ಪಿಗೆ ಕಾಲು ಭಾಗ ಅಂಕ ಕಳೆಯುವ ಪರೀಕ್ಷೆಯಲ್ಲಿ, ಎರಡೇ ಸಂಕೇತ ಉಳಿದಾಗ ಗುರುತು ಹಾಕುವುದೇ ಲಾಭ ಎಂಬುದು ನನ್ನ ಅಭಿಪ್ರಾಯ. ಇಂಥ ನಾಲ್ಕು ಪ್ರಶ್ನೆಗಳಲ್ಲಿ ಎರಡು ಸರಿ, ಎರಡು ತಪ್ಪು ಎಂದುಕೊಂಡರೂ, ಒಂದು ಅಂಕದ ಲೆಕ್ಕದಲ್ಲಿ ಎರಡು ಅಂಕ ಬಂದು ಅರ್ಧ ಹೋಗುತ್ತದೆ. ಒಂದೂವರೆ ಕೈಯಲ್ಲಿ ಉಳಿಯುತ್ತದೆ.

ಈ ವಿಧಾನ ಮುಗ್ಗರಿಸುವುದು ಖಚಿತ ಎಂದುಕೊಂಡ ಜೋಡಿಯೇ ತಪ್ಪಾದಾಗ. ಹೆಸರು ಕೇಳಿದಂತಿದೆ ಎನ್ನುವುದು ಖಚಿತತೆಯಲ್ಲ. ಆ ಜೋಡಿಗೆ ಜೋಗದಂಥ, ಗೋಕಾಕದಂಥ ಇನ್ನೊಂದು ನೆನಪಿನ ಆಸರೆ ಇರಬೇಕು. ತಪ್ಪಿದ್ದರೆ ಸುಳಿವು ಸಿಗುವುದೂ ಉಂಟು. ಸೂಪಾವನ್ನು ಶರಾವತಿಗೆ ಕಟ್ಟಿದವರಿಗೆ ಲಿಂಗನಮಕ್ಕಿಗೆ ಕಾಳಿಯೋ ಮಲಪ್ರಭೆಯೋ ಘಟಪ್ರಭೆಯೋ ಎಂಬ ಅಸಂಬದ್ಧ ಆಯ್ಕೆ ಮಾತ್ರ ಉಳಿಯುತ್ತದೆ. ಹಾಗಾದಾಗ ಉಳಿದದ್ದನ್ನು ಬಲವಂತವಾಗಿ ಹೊಂದಿಸದೆ ಮೊದಲ ಜೋಡಿಯನ್ನೇ ಮತ್ತೆ ಪ್ರಶ್ನಿಸಬೇಕು.

ಬಲಗಡೆ ಒಂದೆರಡು ಹೆಚ್ಚುವರಿ ಹೆಸರು ಕೊಟ್ಟಿದ್ದರೆ ಕೊನೆಯ ಜೋಡಿ ತಾನಾಗಿ ಸಿಗುವುದಿಲ್ಲ, ಅದನ್ನೂ ತಿಳಿದೇ ಬರೆಯಬೇಕು. ಯುಪಿಎಸ್‌ಸಿ ಇತ್ತೀಚಿನ ವರ್ಷಗಳಲ್ಲಿ ಜೋಡಿಗಳನ್ನು ತಾನೇ ಕೊಟ್ಟು, ಎಷ್ಟು ಜೋಡಿ ಸರಿಯಾಗಿವೆ ಎಂದಷ್ಟೇ ಕೇಳತೊಡಗಿದೆ. ಆಗ ಹೊಡೆದುಹಾಕಲು ಸಂಕೇತಗಳೇ ಇರುವುದಿಲ್ಲ. ಮೂರು ಜೋಡಿ ಗೊತ್ತಿದ್ದು ಒಂದು ಗೊತ್ತಿಲ್ಲದಿದ್ದರೂ ಉತ್ತರ ಎರಡು ಸಂಖ್ಯೆಗಳ ನಡುವೆ ತೂಗಾಡುತ್ತದೆ.